‘ಅಪಾಯ: ಮಧ್ಯಮ’ ಎಂದು ಬರೆದು ಪೆನ್ನು ಮುಚ್ಚಬೇಡಿ

ಆತ್ಮಹತ್ಯೆಯ ಅಪಾಯ ನೋಡಿದ ಮೇಲೆ ಕೇಸ್ ಶೀಟಿನಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಸಾಲು: ‘ಸದ್ಯ ಅಂಥ ಯೋಚನೆ ಇಲ್ಲ, ಅಪಾಯ ಕಡಿಮೆ.’ ಮರುವಾರ ಅದೇ ರೋಗಿಯನ್ನು ನೋಡುವ ಇನ್ನೊಬ್ಬ ಡಾಕ್ಟರಿಗೆ ಇದರಿಂದ ಏನು ಗೊತ್ತಾಗುತ್ತದೆ? ಏನೂ ಇಲ್ಲ.

ಹಲವರ ಕಥೆ ಸೇರಿಸಿ ಒಂದು ಕೇಸು ಹೇಳುತ್ತೇನೆ. 46 ವರ್ಷದ ರೈತ. ಹೆಂಡತಿಯೇ ಓಪಿಡಿಗೆ ಕರೆತಂದಿದ್ದಾರೆ. ಆರು ವರ್ಷದ ಹಿಂದೆ ಒಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದರು. ಚಿಕ್ಕಪ್ಪ ಹಾಗೆಯೇ ತೀರಿಕೊಂಡವರು. ಇವು ಬದಲಾಗದ ಅಂಶಗಳು. ಅಪಾಯದ ತಳಮಟ್ಟ ಎಷ್ಟೆಂದು ಹೇಳುತ್ತವೆ, ಈ ವಾರ ಏನಾಗುತ್ತಿದೆ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಬದಲಾಗುವ ಅಂಶಗಳು. ಮೂರು ವಾರದಿಂದ ನಿದ್ದೆ ಇಲ್ಲ. ಸಾಲದ ನೋಟಿಸ್ ಬಂದ ಮೇಲೆ ಕುಡಿತ ದಿನಾ ಆಗಿದೆ. ‘ಇದ್ದು ಏನು ಪ್ರಯೋಜನ’ ಎಂಬ ಯೋಚನೆ ಬಂದು ಹೋಗುತ್ತದೆ, ಹೀಗೇ ಮಾಡಬೇಕೆಂಬ ತಯಾರಿ ಇಲ್ಲ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇದೆ. ನಾವು ಕೈ ಹಾಕಬಹುದಾದದ್ದು ಇವುಗಳಿಗೆ. ಹಾಗಾಗಿ ಪ್ರತಿಯೊಂದರ ಪಕ್ಕದಲ್ಲೂ ಏನು ಮಾಡುತ್ತೇವೆ ಎಂದು ಬರೆಯಬೇಕು.

ಎಡವಟ್ಟು ಜಾಸ್ತಿ ಆಗುವುದು ಕಾಪಾಡುವ ಅಂಶಗಳಲ್ಲಿ. ‘ಮದುವೆಯಾಗಿದೆ, ಮಕ್ಕಳಿದ್ದಾರೆ’ ಎಂದು ಸುಮ್ನೆ ಬರೆದುಬಿಡುತ್ತೇವೆ. ಈ ರೈತ ತಮ್ಮ ಮಗಳ ಬಗ್ಗೆ ಏನು ಹೇಳಿದರು ಎಂದು ಕೇಳಿ: ‘ಅವಳ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಏನೂ ಮಾಡ್ಕೊಳ್ಳಲ್ಲ ಸಾರ್.’ ಕೇಳಲು ಸಮಾಧಾನದ ಮಾತು, ಅಲ್ವಾ? ಆದರೆ ಇದಕ್ಕೊಂದು ಕೊನೆಯ ದಿನಾಂಕವಿದೆ. ಪರೀಕ್ಷೆ ಮುಗಿದ ದಿನ ಅದೇ ಮಾತು ಅಪಾಯದ ಕಡೆಗೆ ತಿರುಗುತ್ತದೆ. ಆದ್ದರಿಂದ ಅವರ ಮಾತನ್ನು ಇದ್ದ ಹಾಗೇ ಬರೆದು, ಪಕ್ಕದಲ್ಲಿ ಪರೀಕ್ಷೆ ಮುಗಿಯುವ ದಿನವನ್ನೂ ಹಾಕಬೇಕು. ಹೆಂಡತಿ ಜೊತೆಗಿದ್ದಾರೆ, ಇವರೂ ಚಿಕಿತ್ಸೆಗೆ ಒಪ್ಪಿದ್ದಾರೆ. ಇವು ಸದ್ಯಕ್ಕೆ ಗಟ್ಟಿಯಾಗಿವೆ.

ಇನ್ನು ಅಪಾಯದ ಮಟ್ಟ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಕಡಿಮೆ-ಮಧ್ಯಮ-ಹೆಚ್ಚು ಎಂದು ವಿಂಗಡಿಸಿ ಮುಂದಾಗುವುದನ್ನು ಊಹಿಸಬೇಡಿ ಎನ್ನುತ್ತದೆ. ನಾನೂ ಒಪ್ಪುತ್ತೇನೆ. ಆದರೂ ನಮ್ಮ ಫಾರಂಗಳು ಮಟ್ಟ ಕೇಳುತ್ತವೆ. ಕೇಳಿದರೆ ಕಾರಣದ ಜೊತೆಗೇ ಕೊಡಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಹಿಂದಿನ ಯತ್ನದಿಂದಾಗಿ ತಳಮಟ್ಟವೇ ಹೆಚ್ಚು. ನಿದ್ದೆಗೇಡು, ಕುಡಿತ, ಸಾಲ ಸೇರಿ ಈಗ ಇನ್ನೂ ಏರಿದೆ. ತಯಾರಿ ಇಲ್ಲ, ಹೆಂಡತಿ ಜೊತೆಗಿರಲು ಒಪ್ಪಿದ್ದಾರೆ, ಮೂರು ದಿನದಲ್ಲಿ ಮತ್ತೆ ಬರುತ್ತಾರೆ. ಹಾಗಾಗಿ ಇಂದಿಗೆ ಮಧ್ಯಮ, ಮನೆಯಿಂದಲೇ ಚಿಕಿತ್ಸೆ. ತಯಾರಿ ಕಂಡರೆ, ಹೆಂಡತಿ ಊರಲ್ಲಿ ಇಲ್ಲದಿದ್ದರೆ ಅಥವಾ ಬೆಳೆಯ ಔಷಧಿ ಮನೆಯಲ್ಲೇ ಉಳಿದರೆ ಆಸ್ಪತ್ರೆಗೆ ದಾಖಲು. ಪರೀಕ್ಷೆ ಮುಗಿಯುವ ಮೊದಲೇ ಮರುಪರಿಶೀಲನೆ. ರಾತ್ರಿ ತುರ್ತಿಗೆ ಟೆಲಿ ಮಾನಸ್ 14416 ಕೊಡಲಾಗಿದೆ.’

ಇದನ್ನು ಓದಿದವರು ನನ್ನ ತೀರ್ಮಾನ ಒಪ್ಪದೇ ಇರಬಹುದು. ಆದರೆ ಯಾವ ಹಂತದಲ್ಲಿ ಒಪ್ಪಲಿಲ್ಲ ಎಂದು ಬೊಟ್ಟು ಮಾಡಿ ತೋರಿಸಬಹುದು. ಇನ್ನೊಂದು ಮಾತು: ‘ಔಷಧಿ ತೆಗೆಸಲು ಹೇಳಿದೆ’ ಎಂಬುದೂ ‘ತೆಗೆಸಲಾಗಿದೆ’ ಎಂಬುದೂ ಒಂದೇ ಅಲ್ಲ. ಎರಡನೆಯದನ್ನು ಹೆಂಡತಿಗೆ ಫೋನ್ ಮಾಡಿ ಕೇಳಿದ ಮೇಲೆ, ಸಮಯ ಹಾಕಿ ಬರೆಯಿರಿ.