ಗಾಂಧಾರದಿಂದ ಮಧ್ಯಮಕ್ಕೆ: ಓಪನ್ ಜಿ ಶ್ರುತಿಯಲ್ಲಿ ಒಂದು ರಿಫ್ ಹುಟ್ಟುವ ಬಗೆ

ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿರುತ್ತವೆ. ಯಾವ ಬೆರಳನ್ನೂ ಇಡದೆ ಆರು ತಂತಿಗಳನ್ನು ಒಟ್ಟಿಗೆ ಮೀಟಿದರೆ ಹೇಳಿಕೊಳ್ಳುವಂಥ ಕಾರ್ಡ್ ಕೇಳಿಸುವುದಿಲ್ಲ. ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು ಇಳಿಸಿದರೆ ಅವು ಡಿ, ಜಿ, ಡಿ, ಜಿ, ಬಿ, ಡಿ ಆಗುತ್ತವೆ. ಈಗ ಬರಿಯ ತಂತಿಗಳೇ ಜಿ ಮೇಜರ್ ಕಾರ್ಡನ್ನು ನುಡಿಯುತ್ತವೆ. ಇದೇ ಓಪನ್ ಜಿ.

ನಮ್ಮ ಸ್ವರಗಳಲ್ಲಿ ಹೇಳಿದರೆ ಇದು ಇನ್ನೂ ಬೇಗ ಮನಸ್ಸಿಗೆ ಹತ್ತುತ್ತದೆ. ಜಿಯನ್ನು ಷಡ್ಜ ಎಂದಿಟ್ಟುಕೊಳ್ಳಿ. ಐದನೆಯ ತಂತಿಯಿಂದ ಒಂದನೆಯದರವರೆಗೆ ಬರುವುದು ಸ ಪ ಸ ಗ ಪ. ಆರನೆಯ ತಂತಿ ಮಾತ್ರ ಷಡ್ಜಕ್ಕಿಂತ ಕೆಳಗಿನ ಪಂಚಮ. ಅದು ಮೊಳಗಿದರೆ ಕಾರ್ಡಿನ ತಳದಲ್ಲಿ ಷಡ್ಜದ ಬದಲು ಪಂಚಮ ಕೂರುತ್ತದೆ, ನಾದ ಕಲಕಿದಂತಾಗುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಆ ತಂತಿಯನ್ನೇ ತೆಗೆದುಹಾಕಿ ಐದು ತಂತಿಗಳಲ್ಲಿ ನುಡಿಸುವುದಕ್ಕೆ ಇದೇ ಕಾರಣ. ಉಳಿದ ಐದರಲ್ಲಿ ಅತ್ಯಂತ ಕೆಳಗಿನ ಸ್ವರ ಯಾವಾಗಲೂ ಷಡ್ಜವೇ. ಕೈ ಎಷ್ಟೇ ಬಿರುಸಾಗಿ ಬೀಸಿದರೂ ತಪ್ಪು ತಂತಿ ಮೊಳಗುವ ಭಯವಿಲ್ಲ.

ಈ ಶ್ರುತಿ ರಾಕ್ ಸಂಗೀತದವರು ಕಂಡುಹಿಡಿದದ್ದಲ್ಲ. ಅಮೆರಿಕದ ದಕ್ಷಿಣದ ಬ್ಲೂಸ್ ಗಾಯಕರು ಚಾಕುವನ್ನೋ ಬಾಟಲಿಯ ಕತ್ತನ್ನೋ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದರು. ನೇರವಾದ ಗಟ್ಟಿ ವಸ್ತುವನ್ನು ತಂತಿಗಳ ಮೇಲೆ ಅಡ್ಡವಾಗಿಟ್ಟರೆ ಅದು ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಮುಟ್ಟುತ್ತದೆ. ಬೆರಳುಗಳಂತೆ ಬಾಗಿ ಬೇರೆ ಬೇರೆ ಮನೆಗಳನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಎಲ್ಲ ಫ್ರೆಟ್‌ಗಳಲ್ಲೂ ಕಾರ್ಡ್ ಸಿಗಬೇಕಾದರೆ ತಂತಿಗಳನ್ನೇ ಕಾರ್ಡಾಗಿ ಶ್ರುತಿ ಮಾಡಿರಬೇಕು. ಗೋಟುವಾದ್ಯ ಕೇಳಿದವರಿಗೆ ಜಾರುವ ಸ್ವರದ ರುಚಿ ಹೊಸದಲ್ಲ. ಬ್ಲೂಸ್‌ನಲ್ಲಿ ಆ ಜಾರು ಹೆಚ್ಚಾಗಿ ಸುಳಿದಾಡುವುದು ಗಾಂಧಾರದ ಸುತ್ತ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಯಾವ ಫ್ರೆಟ್‌ನಲ್ಲೂ ಸಿಗದ ಒಂದು ಸ್ಥಾನವಿದೆ. ಗಾಯಕ ಅಲ್ಲಿ ನಿಲ್ಲುತ್ತಾನೆ, ಜಾರಿಸುವ ಆ ವಸ್ತು, ಅಂದರೆ ಸ್ಲೈಡ್, ಅವನನ್ನು ಹಿಂಬಾಲಿಸುತ್ತದೆ.

1960ರ ದಶಕದ ಕೊನೆಯಲ್ಲಿ ರಿಚರ್ಡ್ಸ್ ಓಪನ್ ಜಿಯ ಗುಟ್ಟನ್ನು ರೈ ಕೂಡರ್ ಅವರಿಂದ ಕಲಿತರು. ಕೂಡರ್ ಸ್ವತಃ ಅಪ್ರತಿಮ ಸ್ಲೈಡ್ ವಾದಕ. ಮುಂದೆ ವಿಶ್ವಮೋಹನ ಭಟ್ಟರ ಮೋಹನ ವೀಣೆಯೊಂದಿಗೆ ಜುಗಲ್‌ಬಂದಿ ನುಡಿಸಿದವರೂ ಇವರೇ. ರಿಚರ್ಡ್ಸ್ ಮಾಡಿದ್ದು ಬೇರೆಯೇ ಕೆಲಸ. ಅವರು ಸ್ಲೈಡಿನ ಶ್ರುತಿಯನ್ನು ಉಳಿಸಿಕೊಂಡು ಸ್ಲೈಡನ್ನು ಬಿಟ್ಟರು. ಗಾಜಿನ ಕೊಳವೆಯ ಜಾಗಕ್ಕೆ ತೋರುಬೆರಳು ಬಂತು, ಉಳಿದ ಬೆರಳುಗಳು ಬಿಡುವಾದವು. ರಿಫ್, ಅಂದರೆ ಹಾಡಿನ ಗುರುತಾಗಿ ಮತ್ತೆ ಮತ್ತೆ ಬರುವ ಚಿಕ್ಕ ನುಡಿ, ಹುಟ್ಟುವುದು ಆ ಬಿಡುವಾದ ಬೆರಳುಗಳಿಂದ.

1981ರ ‘ಸ್ಟಾರ್ಟ್ ಮಿ ಅಪ್’ ಹಾಡನ್ನೇ ಬಿಡಿಸಿ ನೋಡೋಣ. ಐದನೆಯ ಫ್ರೆಟ್‌ನಲ್ಲಿ ತೋರುಬೆರಳನ್ನು ಐದು ತಂತಿಗಳ ಮೇಲೂ ಅಡ್ಡವಾಗಿ ಒತ್ತಿ. ಇದು ಸಿ ಕಾರ್ಡ್. ಈಗ ಸಿಯೇ ಷಡ್ಜ, ತಂತಿಗಳು ಮತ್ತೆ ಸ ಪ ಸ ಗ ಪ. ತೋರುಬೆರಳನ್ನು ಕದಲಿಸದೆ ನಡುಬೆರಳನ್ನು ಎರಡನೆಯ ತಂತಿಯ ಆರನೆಯ ಫ್ರೆಟ್‌ನಲ್ಲೂ ಉಂಗುರ ಬೆರಳನ್ನು ನಾಲ್ಕನೆಯ ತಂತಿಯ ಏಳನೆಯ ಫ್ರೆಟ್‌ನಲ್ಲೂ ಇಡಿ. ಗಾಂಧಾರ ಶುದ್ಧ ಮಧ್ಯಮವಾಯಿತು, ಪಂಚಮ ಚತುಶ್ರುತಿ ಧೈವತವಾಯಿತು. ಒಂದನೆಯ ತಂತಿಯನ್ನು ಬಿಟ್ಟು ಮೀಟಿದರೆ ಕೇಳುವುದು ಸ ದ ಸ ಮ, ಅಂದರೆ ಎಫ್ ಕಾರ್ಡ್, ಆದರೆ ತಳದಲ್ಲಿ ಇನ್ನೂ ಸಿ. ಆ ಎರಡು ಬೆರಳುಗಳನ್ನು ಎತ್ತಿದರೆ ಮತ್ತೆ ಸಿ.

ಇಡೀ ಸೊಗಸು ಇರುವುದು ಈ ಇಡುವ-ಎತ್ತುವ ಚಲನೆಯಲ್ಲಿ. ಮೇಲಿನ ಎರಡು ಸ್ವರಗಳು ಮಧ್ಯಮ, ಧೈವತಗಳಿಂದ ಗಾಂಧಾರ, ಪಂಚಮಗಳಿಗೆ ಇಳಿಯುತ್ತವೆ. ಕೆಳಗಿನ ಷಡ್ಜ ತಂಬೂರಿಯಂತೆ ಅಲುಗದೆ ನಿಲ್ಲುತ್ತದೆ. ಬ್ಲೂಸ್‌ನಲ್ಲಿ ಹಲವು ಮಾತ್ರೆಗಳ ನಂತರ ಬರುವ ಮಧ್ಯಮದ ಕಾರ್ಡು ಇಲ್ಲಿ ಒಂದು ಏಟಿನೊಳಗೆ ಬಂದು ಹೋಗುತ್ತದೆ. ಬಳಿಕ ಇದೇ ಹಿಡಿತವನ್ನು ಹಾಗೆಯೇ ಮೂರನೆಯ ಫ್ರೆಟ್‌ಗೆ ಜಾರಿಸಿ. ಅಲ್ಲಿ ಸಿಗುವುದು ಬಿ ಫ್ಲ್ಯಾಟ್, ಸಿಗೆ ಕೈಶಿಕಿ ನಿಷಾದ. ಬ್ಲೂಸ್‌ನ ನಿಷಾದವೂ ಇದೇ. ಕೈ ಎರಡು ಫ್ರೆಟ್ ಕೆಳಗೆ ಹೋಗಿದೆ, ಹಿಡಿತ ಬದಲಾಗಿಲ್ಲ. ಸ್ಲೈಡ್ ಮಾಡುತ್ತಿದ್ದುದೂ ಇಷ್ಟೇ ಅಲ್ಲವೇ? ಸಾಮಾನ್ಯ ಶ್ರುತಿಯಲ್ಲಿ ಇದೇ ಕಾರ್ಡ್‌ಗಳನ್ನು ಹಿಡಿದು ನೋಡಿ: ಸ್ವರಗಳು ಸಿಗುತ್ತವೆ, ಆದರೆ ಒಂದು ಕಾರ್ಡ್ ಸತ್ತು ಇನ್ನೊಂದು ಹುಟ್ಟಿದಂತೆ ಕೇಳಿಸುತ್ತದೆ.

ಹೊಸಬರಿಗೆ ಇಲ್ಲಿ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಒಂದನೆಯ ತಂತಿ. ಎಫ್ ಹಿಡಿದಾಗಲೂ ಅದು ಪಂಚಮವನ್ನೇ ನುಡಿಯುತ್ತದೆ, ಪಕ್ಕದಲ್ಲೇ ಮಧ್ಯಮವಿರುವುದರಿಂದ ಕರ್ಕಶವಾಗುತ್ತದೆ. ಅದನ್ನು ತೋರುಬೆರಳಿನ ಬುಡದಿಂದ ಮೆಲ್ಲನೆ ಮುಟ್ಟಿ ಮೌನಗೊಳಿಸಬೇಕು. ಎರಡನೆಯದು ಶ್ರುತಿ. ಟ್ಯೂನರ್ ಎಲ್ಲವೂ ಸರಿ ಎಂದರೂ ಬರಿಯ ಕಾರ್ಡ್ ನಡುಗಿದಂತೆ ಕೇಳುತ್ತದೆ, ಧ್ವನಿವರ್ಧಕದಲ್ಲಿ ಸ್ವರವನ್ನು ಒಡೆಸಿದಾಗ ಇನ್ನೂ ಹೆಚ್ಚು. ಟ್ಯೂನರ್ ತೋರಿಸುವ ಗಾಂಧಾರ ಸಹಜ ಗಾಂಧಾರಕ್ಕಿಂತ ತುಸು ಮೇಲಿರುವುದು ಇದಕ್ಕೆ ಕಾರಣ. ಎರಡನೆಯ ತಂತಿಯನ್ನು ಕೂದಲೆಳೆಯಷ್ಟು ಇಳಿಸಿದರೆ ನಡುಕ ನಿಲ್ಲುತ್ತದೆ. ಆದರೆ ಪೂರ್ತಿ ನಿಲ್ಲುವವರೆಗೆ ಇಳಿಸಬೇಡಿ. ಮಧ್ಯಮವೂ ಅದೇ ತಂತಿಯಲ್ಲಿ ಬರುವುದರಿಂದ ಎಫ್ ಕಾರ್ಡ್ ಆಗ ಇಳಿದುಹೋಗುತ್ತದೆ. ಅರ್ಧ ದಾರಿಗೆ ನಿಲ್ಲಿಸಿ, ಎರಡೂ ಕಾರ್ಡ್‌ಗಳನ್ನು ಒಂದಾದ ಮೇಲೊಂದು ನುಡಿಸಿ ಕಿವಿಯಿಂದ ತೀರ್ಮಾನಿಸಿ.

ಇನ್ನು ಸ್ಲೈಡನ್ನು ಬಿಡದೆ ರಿಫ್ ಕಟ್ಟಿದವರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಡ್ವೇನ್ ಆಲ್ಮನ್. ಆಲ್ಮನ್ ಬ್ರದರ್ಸ್ ಬ್ಯಾಂಡ್ 1971ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ಸ್ಟೇಟ್ಸ್‌ಬರೋ ಬ್ಲೂಸ್’ ಕೇಳಿ. ಅವರ ಶ್ರುತಿ ಓಪನ್ ಇ. ಉಂಗುರ ಬೆರಳಿಗೆ ಔಷಧದ ಗಾಜಿನ ಸೀಸೆ. ಓಪನ್ ಇಯಲ್ಲಿ ತಂತಿಗಳು ಸ ಪ ಸ ಗ ಪ ಸ, ಅಂದರೆ ತುದಿಯ ತಂತಿ ಪಂಚಮವಲ್ಲ, ಷಡ್ಜ. ರಾಗವನ್ನು ತೆಳು ತಂತಿಯಲ್ಲಿ ಹಾಡಿಸಬೇಕೆನ್ನುವವರಿಗೆ ಇದು ದೊಡ್ಡ ಅನುಕೂಲ. ಹಾಡು ಡಿಯಲ್ಲಿರುವುದರಿಂದ ಹತ್ತನೆಯ ಫ್ರೆಟ್ ಅವರ ಮನೆ. ಅದೇ ತಂತಿಯಲ್ಲಿ ಎಂಟರಲ್ಲಿ ಕೈಶಿಕಿ ನಿಷಾದ, ಹದಿಮೂರರ ಆಚೀಚೆ ಆ ಬ್ಲೂಸ್ ಗಾಂಧಾರ.

ಸ್ಲೈಡನ್ನು ಫ್ರೆಟ್‌ಗಳ ನಡುವೆ ಒತ್ತಬಾರದು. ಲೋಹದ ಪಟ್ಟಿಯ ನೇರ ಮೇಲೆ, ತಂತಿಯನ್ನು ಬರಿದೆ ಮುಟ್ಟುವಂತೆ ಇಡಬೇಕು. ಪಟ್ಟಿ ಕಟಕಟ ಎಂದರೆ ಒತ್ತಡ ಹೆಚ್ಚಾಗಿದೆ ಅಥವಾ ತಂತಿಗಳು ತೀರಾ ತಗ್ಗಿನಲ್ಲಿವೆ. ಹಿಂದಿನಿಂದ ಕೀರಲು ದನಿ ಬರುತ್ತಿದ್ದರೆ ಸ್ಲೈಡಿನ ಹಿಂದೆ ತೋರುಬೆರಳನ್ನು ಹಗುರವಾಗಿ ಎಳೆದುಕೊಂಡು ಬನ್ನಿ. ಓಪನ್ ಇಗೆ ಮೂರು ತಂತಿಗಳನ್ನು ಬಿಗಿಯಬೇಕಾಗುವುದರಿಂದ ಅಕೂಸ್ಟಿಕ್ ಗಿಟಾರಿನಲ್ಲಿ ಓಪನ್ ಡಿಗೆ ಇಳಿಸಿ ಎರಡನೆಯ ಫ್ರೆಟ್‌ಗೆ ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕುವುದು ಸುರಕ್ಷಿತ.

ಓಪನ್ ಡಿ, ಓಪನ್ ಇಗಳ ಆರರಿಂದ ಎರಡನೆಯವರೆಗಿನ ತಂತಿಗಳನ್ನು ಗಮನಿಸಿ: ಸ ಪ ಸ ಗ ಪ. ರಿಚರ್ಡ್ಸ್ ಉಳಿಸಿಕೊಂಡ ಐದು ತಂತಿಗಳೇ ಒಂದು ತಂತಿ ಸರಿದು ಕುಳಿತಿವೆ. ಹಾಗಾಗಿ ಮೇಲಿನ ಹಿಡಿತ ಇಲ್ಲೂ ನಡೆಯುತ್ತದೆ, ನಡುಬೆರಳು ಮೂರನೆಯ ತಂತಿಗೆ, ಉಂಗುರ ಬೆರಳು ಐದನೆಯದಕ್ಕೆ ಹೋಗುತ್ತವೆ. ಸ್ಲೈಡನ್ನು ಕಿರುಬೆರಳಿಗೆ ಹಾಕಿಕೊಂಡರೆ ಒಂದೇ ಶ್ರುತಿಯಲ್ಲಿ ಎರಡನ್ನೂ ನುಡಿಸಬಹುದು.