ಹೊರಗೆ ನಿಂತವನ ಟೀ

ಹಳೆ ಮೈಸೂರು ಸೀಮೆಯ ಒಂದು ಊರು, ಬಸ್ ನಿಲ್ಲುವ ಕಡೆ ಒಂದು ಟೀ ಹೋಟೆಲು. ವಿದ್ಯಾರ್ಥಿಯಾಗಿದ್ದಾಗ ಕ್ಷೇತ್ರಕಾರ್ಯಕ್ಕೆಂದು ಹೋಗಿ ಅಲ್ಲಿದ್ದ ಮೊದಲ ವಾರವೇ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೆ: ದಲಿತ ಮುದುಕನೊಬ್ಬನಿಗೆ ಹೋಟೆಲಿನವನು ತಾತ್ಸಾರದಿಂದ ಹೊರಗೇ ಟೀ ಕೊಟ್ಟ. ಏನೋ ದೊಡ್ಡದನ್ನೇ ಹಿಡಿದೆ ಅನ್ನಿಸಿತ್ತು. ನಮ್ಮ ಮೇಷ್ಟ್ರು ಆ ಪುಟ ಓದಿ ಮೂರು ಪ್ರಶ್ನೆ ಕೇಳಿದರು. ದಲಿತ ಅಂತ ನಿನಗೆ ಯಾರು ಹೇಳಿದರು? ತಾತ್ಸಾರ ಕಂಡದ್ದು ಎಲ್ಲಿ, ಮುಖದಲ್ಲೋ, ಕೈಯಲ್ಲೋ, ಮಾತಿನಲ್ಲೋ? ಹೊರಗೆ ಕೊಟ್ಟನೋ, ಹೊರಗೆ ನಿಂತವನಿಗೆ ಕೊಟ್ಟನೋ? ಮೂರಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಆ ಒಂದು ಸಾಲಿನಲ್ಲಿ ನಾನು ನಿಜವಾಗಿ ನೋಡಿದ್ದು ಮುದುಕ ಮತ್ತು ಟೀ, ಅಷ್ಟೇ.

ಜನರ ನಡುವೆಯೇ ಇದ್ದು ಅವರ ಬದುಕನ್ನು ನೋಡಿ ಬರೆದುಕೊಳ್ಳುವ ಈ ವಿಧಾನಕ್ಕೆ ಸಹಭಾಗಿ ಅವಲೋಕನ ಅನ್ನುತ್ತಾರೆ. ಅದು ಅಂದರೆ ಊರಿಗೆ ಹೋಗಿ ಜನರ ಜೊತೆ ಬೆರೆತು ಹರಟೆ ಹೊಡೆದು ಬರುವುದು ಅಂದುಕೊಂಡವರು ಬಹಳ. ಅದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆರೆಯುವುದು ಕೆಲಸದ ಅರ್ಧ ಭಾಗ. ಉಳಿದರ್ಧ ನಡೆಯುವುದು ರಾತ್ರಿ, ಒಬ್ಬರೇ ಕೂತು ಬರೆಯುವಾಗ. ಹಗಲು ಚೀಟಿಯಲ್ಲಿ ಗೀಚಿಕೊಂಡ ನಾಲ್ಕಾರು ಪದಗಳನ್ನು ಮಲಗುವ ಮುಂಚೆಯೇ ಬಿಡಿಸಿ ಬರೆಯಬೇಕು. ಬೆಳಗ್ಗೆ ಬರೆದರಾಯಿತು ಎಂದು ಬಿಟ್ಟರೆ ಯಾರು ಎಲ್ಲಿ ಕೂತಿದ್ದರು, ಯಾವ ಮಾತಿನ ಹಿಂದೆ ಯಾವ ಮಾತು ಬಂತು ಎಂಬುದೆಲ್ಲ ಕಲಸಿಹೋಗಿ, ನಮಗೆ ಅನ್ನಿಸಿದ್ದು ಮಾತ್ರ ಉಳಿದಿರುತ್ತದೆ.

ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಮೇಲೆ ಮತ್ತೆ ಅದನ್ನು ಬೇರೆ ಮಾಡುವವರುಂಟೇ? ಟಿಪ್ಪಣಿಯಲ್ಲಿ ಕಂಡದ್ದೂ ಅನ್ನಿಸಿದ್ದೂ ಬೆರೆತರೆ ಅದೂ ಹಾಗೇ. ಡಾಕ್ಟರ ಚೀಟಿ ನೋಡಿ: ಜ್ವರ 102 ಎಂದು ಬರೆದಿದ್ದರೆ ಇನ್ನೊಬ್ಬ ಡಾಕ್ಟರು ಬಂದು ಬೇರೆ ಕಾಯಿಲೆ ಇರಬಹುದು ಅನ್ನಬಹುದು. ಬರೀ ಟೈಫಾಯ್ಡ್ ಎಂದು ಬರೆದಿದ್ದರೆ ಎರಡನೆಯವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಇದನ್ನು 1922ರಲ್ಲೇ ಹೇಳಿದ್ದ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಡೇರೆ ಹಾಕಿಕೊಂಡಿದ್ದು ಬಂದವನು ಅವನು. ಕಣ್ಣಾರೆ ಕಂಡದ್ದು ಮತ್ತು ಅಲ್ಲಿಯವರು ಹೇಳಿದ್ದು ಒಂದು ಕಡೆ, ಬರೆದವನ ಊಹೆ ಇನ್ನೊಂದು ಕಡೆ. ಇವೆರಡರ ನಡುವಿನ ಗೆರೆ ಓದುವವರಿಗೆ ಕಾಣದಿದ್ದರೆ ಆ ಬರಹವನ್ನು ವಿಜ್ಞಾನವೆಂದು ನಂಬಲಾಗದು ಎಂಬುದು ಅವನ ನಿಲುವು. ಅವನ ಖಾಸಗಿ ದಿನಚರಿ 1967ರಲ್ಲಿ, ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅಚ್ಚಾಯಿತು. ಅದರಲ್ಲಿ ಆ ದ್ವೀಪದ ಜನರ ಮೇಲಿನ ಸಿಡಿಮಿಡಿ, ಬೇಸರ, ಒರಟು ಮಾತು ಎಲ್ಲ ಇದ್ದವು. ಗೆರೆ ಎಳೆಯಿರಿ ಎಂದವನೇ ಗೆರೆಯ ಆಚೆ ಏನೇನು ತುಂಬಿಕೊಂಡಿದ್ದ ಎಂದು ಓದಿದವರು ಬೆಚ್ಚಿದರು.

ನಾನು ಮತ್ತೆ ಹೋಟೆಲಿಗೆ ಹೋದೆ. ಈ ಸಲ ನೋಟ್‌ಬುಕ್ಕಿನ ಎಡಪುಟ ಕಂಡದ್ದಕ್ಕೆ, ಬಲಪುಟ ಅನ್ನಿಸಿದ್ದಕ್ಕೆ. ಮಾತುಗಳಿಗೂ ಒಂದು ಕಟ್ಟಳೆ ಮಾಡಿಕೊಂಡೆ: ಕೇಳಿದ ಹಾಗೇ ಅಕ್ಷರಕ್ಷರ ಬರೆದದ್ದಕ್ಕೆ ಜೋಡಿ ಉದ್ಧರಣ ಚಿಹ್ನೆ, ಹೆಚ್ಚುಕಡಿಮೆ ಹೀಗೇ ಅಂದರು ಎಂಬುದಕ್ಕೆ ಒಂಟಿ ಚಿಹ್ನೆ, ಸಾರಾಂಶಕ್ಕೆ ಯಾವುದೂ ಇಲ್ಲ. ನಾಲ್ಕು ದಿನದ ಎಡಪುಟದಲ್ಲಿ ಇದ್ದದ್ದು ಇಷ್ಟು. ಒಳಗೆ ಬೆಂಚಿನ ಮೇಲೆ ಕೂತವರಿಗೆ ಗಾಜಿನ ಲೋಟ. ಹೊರಗೆ ನಿಂತ ಮುದುಕನಿಗೆ ನಾಲ್ಕು ದಿನವೂ ಪೇಪರ್ ಕಪ್. ಎರಡನೆಯ ದಿನ ಬಸ್ಸಿಗೆ ಓಡುತ್ತಿದ್ದ ಇಬ್ಬರು ಹುಡುಗರಿಗೂ ಪೇಪರ್ ಕಪ್ಪೇ. ಹುಡುಗರು ದುಡ್ಡನ್ನು ಹೋಟೆಲಿನವನ ಕೈಗೆ ಕೊಟ್ಟರು, ಮುದುಕ ಹಲಗೆಯ ಮೇಲಿಟ್ಟ. ಹೋಟೆಲಿನವನು ಮುದುಕನಿಗೆ "ತಗಳ್ಲಾ" ಅಂದ. ಮುದುಕ "ಇನ್ನೊಂಚೂರು ಸಕ್ರೆ ಹಾಕಿ ಗೌಡ್ರೆ" ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ವಾರದ ನನ್ನ ಅಭ್ಯಾಸದಂತೆ ಇದನ್ನು ಪುಸ್ತಕದ ಕನ್ನಡಕ್ಕೆ ತಂದು 'ಟೀ ತೆಗೆದುಕೊಳ್ಳಲು ಹೇಳಿದರು, ಸಕ್ಕರೆ ಕೇಳಿದರು' ಎಂದು ಬರೆದಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಆ 'ಲಾ'ದಲ್ಲೇ ವಿಷಯ ಇದೆ. ಆದರೆ ಬರೀ 'ಲಾ' ಕೇಳಿ ತಾತ್ಸಾರ ಅನ್ನುವಂತಿಲ್ಲ. ಆ ಸೀಮೆಯಲ್ಲಿ ಜೀವದ ಗೆಳೆಯರೂ ಹಾಗೇ ಕರೆದುಕೊಳ್ಳುತ್ತಾರೆ. ನೋಡಬೇಕಾದ್ದು ಅದು ತಿರುಗಿ ಬರುತ್ತದೆಯೇ ಎಂದು. ಬೆಂಚಿನ ಮೇಲಿನ ಗೆಳೆಯರು ಹೋಟೆಲಿನವನಿಗೆ 'ಲಾ' ಅಂದರೆ ಅವನೂ 'ಲಾ' ಅನ್ನುತ್ತಿದ್ದ. ಮುದುಕನಿಗೆ ಹೋದ 'ಲಾ' ಮಾತ್ರ 'ಹಾಕಿ' ಆಗಿ, 'ಗೌಡ್ರೆ' ಆಗಿ ವಾಪಸು ಬರುತ್ತಿತ್ತು, ಅದೂ ನೋಡಿದರೆ ತನ್ನ ಅರ್ಧ ವಯಸ್ಸಿನವನಿಗೆ. ನನ್ನ ಅನುಮಾನಕ್ಕೆ ಕಪ್ಪಿಗಿಂತ ದೊಡ್ಡ ಸಾಕ್ಷಿ ಇದು. ಕಪ್ ಹುಡುಗರಿಗೂ ಸಿಕ್ಕಿತ್ತು.

ವಿಡಿಯೊ ಮಾಡಿಬಿಟ್ಟರೆ ಈ ತಲೆನೋವೇ ಇಲ್ಲವಲ್ಲ ಅನ್ನುತ್ತಾರೆ. ರೆಪ್ಪೆ ಅದುರಿದ್ದೂ ಕಣ್ಣು ಹೊಡೆದದ್ದೂ ಕ್ಯಾಮೆರಾಕ್ಕೆ ಒಂದೇ ಎಂಬುದು ತತ್ತ್ವಶಾಸ್ತ್ರಜ್ಞ ಗಿಲ್ಬರ್ಟ್ ರೈಲ್ ಕೊಟ್ಟ ಉದಾಹರಣೆ. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಅದನ್ನು 1973ರಲ್ಲಿ ಮನೆಮಾತಾಗಿಸಿದ. ನನ್ನ ತಕರಾರು ಇನ್ನೂ ಸರಳ: ಕ್ಯಾಮೆರಾವನ್ನೂ ಎಲ್ಲೋ ಒಂದು ಕಡೆ ಇಡಬೇಕು. ನಾನು ಇಡುತ್ತಿದ್ದದ್ದು ಒಳಗಿನ ಬೆಂಚಿನ ಮೇಲೆ. ಯಾಕೆಂದರೆ ನನ್ನನ್ನು ಕೂರಿಸಿದ್ದೇ ಅಲ್ಲಿ.

ಕೂತ ಜಾಗದ ಈ ಕಷ್ಟ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರನ್ನೂ ಬಿಟ್ಟಿಲ್ಲ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಅದಕ್ಕೆ ರಾಂಪುರ ಎಂದು ಬೇರೆ ಹೆಸರಿಟ್ಟು ಬರೆದರು. ಒಕ್ಕಲಿಗರೇ ಬಲವಾಗಿದ್ದ ಆ ಊರಿನಲ್ಲಿ ಬ್ರಾಹ್ಮಣರಾದ ಶ್ರೀನಿವಾಸರಿಗೆ ಪಟೇಲರ ಆಸರೆ ಇತ್ತು. ಬ್ರಾಹ್ಮಣ ಹೇಗಿರಬೇಕು, ಯಾರ ಜೊತೆ ಓಡಾಡಬೇಕು ಎಂಬುದನ್ನು ಊರೇ ಅವರಿಗೆ ಹೇಳಿಕೊಡುತ್ತಿತ್ತು. ತಾನು ಕಂಡದ್ದು ಮೇಲ್ಜಾತಿಯ ಕಡೆಯಿಂದ ಕಾಣುವ ಊರು ಎಂದು ಆಮೇಲೆ ಅವರೇ ಒಪ್ಪಿಕೊಂಡರು.

ಅವರ ಟಿಪ್ಪಣಿಗಳಿಗೆ ಆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ವರ್ಷಗಟ್ಟಲೆ ವಿಂಗಡಿಸಿ ತಿದ್ದಿ ಸಿದ್ಧ ಮಾಡಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಮೂಲ ದಿನಚರಿಗಳು ಭಾರತದಲ್ಲಿ ಉಳಿದಿದ್ದವು. ಆದರೂ ಮುಖ್ಯವಾಗಿ ನೆನಪನ್ನೇ ನಂಬಿ ಬರೆದ ಪುಸ್ತಕ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಎಂದು ಹೊರಬಂತು. ಅದರ ಪಟೇಲರು ಇವತ್ತಿಗೂ ಕಣ್ಣ ಮುಂದೆ ನಡೆದಾಡುತ್ತಾರೆ. ಅಷ್ಟಕ್ಕೇ ಟಿಪ್ಪಣಿ ಇಲ್ಲದಿದ್ದರೂ ನಡೆಯುತ್ತದೆ ಎಂದು ವಾದಿಸುವವರನ್ನು ನಾನು ಒಪ್ಪಲಾರೆ. ನೆನಪು ವ್ಯಕ್ತಿಯನ್ನು ಉಳಿಸುತ್ತದೆ, ಜಗಳದ ರುಚಿಯನ್ನು ಉಳಿಸುತ್ತದೆ. ಯಾವ ದಿನ ಯಾರು ಯಾರಿಗೆ ಯಾವ ಪ್ರತ್ಯಯ ಹಚ್ಚಿ ಮಾತಾಡಿದರು ಎಂಬುದು ಅದಕ್ಕೆ ಬೇಡ. ಇನ್ನೊಬ್ಬ ಸಂಶೋಧಕ ಬಂದು 'ನಿಮ್ಮ ಅರ್ಥ ತಪ್ಪು' ಅನ್ನಬೇಕಾದರೆ ಬೇಕಾಗುವುದು ಅದೇ.

ಎಡಪುಟವೂ ಶುದ್ಧವಾದದ್ದೇನಲ್ಲ. ಹಲಗೆಯ ಮೇಲಿನ ದುಡ್ಡನ್ನು ಬರೆದುಕೊಂಡೆ, ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಿಟ್ಟೆ. ಆ ಆಯ್ಕೆಯಲ್ಲೇ ನನ್ನ ಊಹೆ ಕೂತಿತ್ತು. ಅದಕ್ಕೇ ನನ್ನ ಊಹೆಗೆ ಒಗ್ಗದ್ದನ್ನು, ಆ ಹುಡುಗರ ಪೇಪರ್ ಕಪ್ಪಿನಂಥದ್ದನ್ನು, ಹಟ ಹಿಡಿದು ಬರೆದುಕೊಳ್ಳುತ್ತಿದ್ದೆ.

ಐದನೆಯ ದಿನ ನಾನೂ ಹೊರಗೆ ನಿಂತು ಪೇಪರ್ ಕಪ್ಪಿನಲ್ಲಿ ಟೀ ಕೇಳಿದೆ. ಹೋಟೆಲಿನವನು "ಒಳಗ್ ಬನ್ನಿ ಸಾರ್, ಅಲ್ಯಾಕ್ ನಿಂತ್ಕಂಡ್ರಿ" ಎಂದು ಬೆಂಚು ಒರೆಸಿದ. ಮುದುಕ ಪಕ್ಕದಲ್ಲೇ ಇದ್ದ. ಒಳಗೆ ಕೂರಬಹುದಲ್ಲ ಅಂತ ಅವನನ್ನು ಕೇಳಿದೆ. "ನಂಗ್ ಇಲ್ಲೇ ಸರೀ ಕಣಪ್ಪ, ಗಾಳಿ ಬತ್ತದೆ" ಅಂದ. ಜೋಡಿ ಚಿಹ್ನೆ ಹಾಕಿ ಎಡಪುಟದಲ್ಲಿ ಬರೆದುಕೊಂಡೆ. ಅದನ್ನು ಅವನು ಹೇಳುವಾಗ ಹೋಟೆಲಿನವನು ಎರಡು ಮಾರು ದೂರದಲ್ಲಿ ಲೋಟ ತೊಳೆಯುತ್ತಿದ್ದ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದೆ.