ಇವಾನ್ ಪೆತ್ರೋವಿಚ್ ಎಂದು ಕರೆಯುವುದು: ಪತ್ರ, ಸಂಭಾಷಣೆಗಳ ಅನುವಾದಕ್ಕೆ ಟಿಪ್ಪಣಿ

ರಷ್ಯನ್ನರ ಪೂರ್ಣ ಹೆಸರಿನಲ್ಲಿ ಮೂರು ಭಾಗಗಳಿರುತ್ತವೆ: ಸ್ವಂತ ಹೆಸರು, ಪಿತೃನಾಮ, ಮನೆತನದ ಹೆಸರು. ನಡುವಿನ ಪಿತೃನಾಮ ಅಪ್ಪನ ಹೆಸರಿನಿಂದ ಹುಟ್ಟುತ್ತದೆ. ಅಪ್ಪ ಇವಾನ್ ಆದರೆ ಮಗ ಇವಾನೊವಿಚ್, ಮಗಳು ಇವಾನೊವ್ನ. ಅಪ್ಪ ಸೆರ್ಗೇಯ್ ಆದರೆ ಸೆರ್ಗೇಯೆವಿಚ್, ಸೆರ್ಗೇಯೆವ್ನ. ಇಲ್ಯಾ, ನಿಕೀತಾ ಮುಂತಾದ ಕೆಲವು ಹೆಸರುಗಳಿಗೆ ಮಾತ್ರ ರೂಪ ಬೇರೆ: ಇಲ್ಯೀಚ್, ನಿಕೀತಿಚ್; ಹೆಣ್ಣುಮಕ್ಕಳಿಗೆ ಇಲ್ಯೀನಿಚ್ನ, ನಿಕೀತಿಚ್ನ. ರಚನೆಯ ಮಟ್ಟಿಗೆ ಇಷ್ಟು ಸಾಕು.

ನಮ್ಮಲ್ಲೂ ಅಪ್ಪನ ಹೆಸರು ಇನಿಷಿಯಲ್ ಆಗಿ ಜೊತೆಗಿರುತ್ತದೆ, ಆದರೆ ಅದನ್ನು ಹಿಡಿದು ಯಾರೂ ಕರೆಯುವುದಿಲ್ಲ. ರಷ್ಯನ್ನಿನಲ್ಲಿ ಕರೆಯುವುದೇ ಹೀಗೆ. ಪರಿಚಯವಿರುವ, ಆದರೆ ಸಲುಗೆಯಿಲ್ಲದ ದೊಡ್ಡವರನ್ನು 'ಇವಾನ್ ಪೆತ್ರೋವಿಚ್' ಎಂದು ಜೋಡಿಯಾಗಿಯೇ ಕರೆದು, 'ವೀ' ಎಂದು, ಅಂದರೆ ಬಹುವಚನದಲ್ಲಿ ಮಾತಾಡಿಸುತ್ತಾರೆ. ಗೆಳೆಯರು ಮತ್ತು ಮನೆಯವರ ನಡುವೆ 'ತೀ' ಎಂಬ ಏಕವಚನ, ಜೊತೆಗೆ ವಾನ್ಯ, ಓಲ್ಯ, ಸಾಷ ಎಂಬ ಮೊಟಕು ಹೆಸರು. ನಮ್ಮ ನೀವು–ನೀನು ಇದಕ್ಕೆ ಬಹುಮಟ್ಟಿಗೆ ಸರಿಹೊಂದುತ್ತದೆ. ಹಾಗಾಗಿ ಇಂಗ್ಲಿಷ್ ಅನುವಾದವನ್ನು ನೋಡಿಕೊಂಡು ಕನ್ನಡ ಮಾಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ವೀ, ತೀ ಎರಡೂ ಒಂದೇ ಪದವಾಗಿ ಕಲಸಿಹೋಗಿರುತ್ತವೆ. ನಮಗೆ ಸುಲಭವಾಗಿ ದಕ್ಕುವ ವ್ಯತ್ಯಾಸವನ್ನು ಸುಮ್ಮನೆ ಕಳೆದುಕೊಳ್ಳುತ್ತೇವೆ.

ಒಂದು ಕಚೇರಿಯ ಮಾತು ತೆಗೆದುಕೊಳ್ಳೋಣ. ಗುಮಾಸ್ತೆ ಬಾಗಿಲಲ್ಲಿ ನಿಂತು ಮೇಲಧಿಕಾರಿಗೆ, "ನಿಕೊಲಾಯ್ ಸೆರ್ಗೇಯೆವಿಚ್, ವಾಸ್ ಕ್ ತೆಲೆಫೋನು" ಎನ್ನುತ್ತಾಳೆ, ಫೋನ್ ಬಂದಿದೆ ಎಂದು. ಅವನು, "ಸ್ಪಸೀಬ, ಮರೀಯ ಇವಾನೊವ್ನ" ಎನ್ನುತ್ತಾನೆ. ಕನ್ನಡದಲ್ಲಿ ಕೈ ತಾನಾಗಿಯೇ "ಸಾರ್, ನಿಮಗೆ ಫೋನ್" ಎಂದು ಬರೆಯುತ್ತದೆ. ಆ ಒಂದು ಸಾಲಿಗೆ ಅದು ಚೆನ್ನಾಗಿಯೂ ಕೂರುತ್ತದೆ. ತೊಡಕು ಬರುವುದು ಮರುಸಾಲಿನಲ್ಲಿ. 'ಸಾರ್' ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವ ಮಾತು, ಮೇಲಧಿಕಾರಿ ಅದನ್ನು ಹಿಂದಿರುಗಿಸುವುದಿಲ್ಲ. ರಷ್ಯನ್ ಕಚೇರಿಯಲ್ಲಿ ಹೆಸರು–ಪಿತೃನಾಮ ಎರಡೂ ಕಡೆಯಿಂದ ಓಡಾಡುತ್ತದೆ. ಅಧಿಕಾರಿಯೂ ಗುಮಾಸ್ತೆಯನ್ನು ಅದೇ ಮರ್ಯಾದೆಯಿಂದ ಕರೆಯುತ್ತಾನೆ. 'ಸಾರ್' ಹಾಕಿದರೆ ಆ ಸಮತೂಕ ಮಾಯವಾಗಿ, ಪಾತ್ರಗಳ ಸಂಬಂಧವೇ ಬೇರೆಯಾಗಿಬಿಡುತ್ತದೆ. ಹೀಗಾಗಿ ನನ್ನ ಆಯ್ಕೆ: "ನಿಕೊಲಾಯ್ ಸೆರ್ಗೇಯೆವಿಚ್, ನಿಮಗೆ ಫೋನ್ ಬಂದಿದೆ." "ಥ್ಯಾಂಕ್ಸ್, ಮರೀಯ ಇವಾನೊವ್ನ."

ಇಲ್ಲಿ 'ಅವರೇ' ಸೇರಿಸಿಲ್ಲ ಎಂಬುದನ್ನು ಗಮನಿಸಿ. ರಷ್ಯನ್ನಿನಲ್ಲಿ ಪಿತೃನಾಮವೇ 'ಅವರೇ'ಯ ಕೆಲಸ ಮಾಡುತ್ತದೆ, ಕನ್ನಡದಲ್ಲಿ 'ನಿಮಗೆ' ಎಂಬುದು ಉಳಿದ ಗೌರವವನ್ನು ಹೊರುತ್ತದೆ. ಮಾತಿಗೊಮ್ಮೆ 'ನಿಕೊಲಾಯ್ ಸೆರ್ಗೇಯೆವಿಚ್ ಅವರೇ' ಎಂದರೆ ಸಭೆಯ ಸ್ವಾಗತ ಭಾಷಣದ ಹಾಗೆ ಕೇಳಿಸುತ್ತದೆ. ಮೊದಲ ಭೇಟಿಯಲ್ಲೋ, ಅಹವಾಲು ಹೇಳಿಕೊಳ್ಳುವಾಗಲೋ ಒಮ್ಮೆ ಬಳಸಿದರೆ ಸಾಕು.

ಹೆಸರು ಉದ್ದವಾಯಿತೆಂದು ಕತ್ತರಿಸುವುದು ಇದಕ್ಕಿಂತ ದೊಡ್ಡ ತಪ್ಪು. 'ಪೆತ್ರೋವಿಚ್' ಎಂದು ಪಿತೃನಾಮವೊಂದನ್ನೇ ಹಿಡಿದು ಕರೆದರೆ ಅದು ಗೌರವದ ಕರೆಯೇ ಅಲ್ಲ. ಒಟ್ಟಿಗೆ ದುಡಿಯುವ ಗಂಡಸರ, ಹಳೆಯ ನೆರೆಹೊರೆಯವರ ಸಲುಗೆ ಅದು. ಸಾಮಾನ್ಯವಾಗಿ 'ತೀ' ಜೊತೆಗೇ ಬರುತ್ತದೆ. "ಪೆತ್ರೋವಿಚ್, ಬಾರಯ್ಯ ಇಲ್ಲಿ" ಎಂದರೆ ಸರಿ, "ಪೆತ್ರೋವಿಚ್, ದಯವಿಟ್ಟು ಒಳಗೆ ಬನ್ನಿ" ಎಂದರೆ ಸ್ವರ ಕೆಡುತ್ತದೆ. ಆಡುಮಾತಿನಲ್ಲಿ ಜೋಡಿ ಹೆಸರೂ ಸವೆಯುತ್ತದೆ: ಅಲೆಕ್ಸಾಂದ್ರ್ ಅಲೆಕ್ಸಾಂದ್ರೊವಿಚ್ ಬಾಯಲ್ಲಿ 'ಸಾನ್ ಸಾನಿಚ್', ಪಾವೆಲ್ ಪಾವ್ಲೊವಿಚ್ 'ಪಾಲ್ ಪಾಲಿಚ್'. ಮೂಲದ ಲೇಖಕರು ಹೀಗೆ ಬರೆದಿದ್ದರೆ ಉಳಿಸಿಕೊಳ್ಳಿ, ಮೊದಲ ಸಲ ಮಾತ್ರ ಪೂರ್ಣರೂಪ ಹತ್ತಿರದಲ್ಲೇ ಇರಲಿ. ಬರೆಯದಿದ್ದರೆ ನೀವಾಗಿ ಸವೆಸಬೇಡಿ.

ಪ್ರಥಮ ಪುರುಷದಲ್ಲಿ ಇನ್ನೊಂದು ತೀರ್ಮಾನ ಕಾದಿರುತ್ತದೆ. 'ಇವಾನ್ ಪೆತ್ರೋವಿಚ್ ಪ್ರಿಶೋಲ್' ಎಂಬಲ್ಲಿ ಕ್ರಿಯಾಪದ ಏಕವಚನದ್ದು. ಕನ್ನಡದಲ್ಲಿ 'ಬಂದ' ಎನ್ನಬೇಕೋ 'ಬಂದರು' ಎನ್ನಬೇಕೋ? ಮೂಲದ ಕ್ರಿಯಾಪದ ಉತ್ತರ ಕೊಡುವುದಿಲ್ಲ, ಹೇಳುವವರು ಯಾರು ಎಂದು ನೋಡಬೇಕು. ಗುಮಾಸ್ತೆ ಹೇಳಿದರೆ 'ಬಂದರು'. ನಿರೂಪಕ ಹೇಳಿದರೆ, ಆ ಪಾತ್ರವನ್ನು ಅವನು ಎಷ್ಟು ದೂರದಿಂದ ನೋಡುತ್ತಿದ್ದಾನೆ ಎಂಬುದರ ಮೇಲೆ ನಿಂತಿದೆ. ಒಮ್ಮೆ ಆರಿಸಿಕೊಂಡದ್ದನ್ನು ಪುಸ್ತಕದ ಕೊನೆಯವರೆಗೂ ಕಾಪಾಡಬೇಕು. ನಡುವೆ 'ಬಂದ' ಇದ್ದದ್ದು 'ಬಂದರು' ಆದರೆ ಓದುಗರು ಅದರಲ್ಲಿ ಅರ್ಥ ಹುಡುಕುತ್ತಾರೆ.

ಈಗ ಪತ್ರಗಳು. ಸಂಬೋಧನೆಯಲ್ಲೇ ಮೆಟ್ಟಿಲುಗಳಿವೆ. 'ಉವಝಾಯೆಮಿಯ್ ಇವಾನ್ ಪೆತ್ರೋವಿಚ್' ಎಂಬುದು ಕೆಲಸದ ಪತ್ರದ್ದು, ಕನ್ನಡದಲ್ಲಿ 'ಮಾನ್ಯ'. 'ದರಗೋಯ್' ಬಂದರೆ ಆತ್ಮೀಯತೆ, 'ಪ್ರಿಯ' ಅದಕ್ಕೆ ಹೊಂದುತ್ತದೆ. ಎರಡಕ್ಕೂ 'ಪ್ರಿಯ' ಹಾಕಿದರೆ ಒಂದು ಮೆಟ್ಟಿಲು ಹೋಯಿತು. ಮೂಲದಲ್ಲಿ ಇದರ ಕೊನೆಗೆ ಬರುವ ಉದ್ಗಾರ ಚಿಹ್ನೆ ಬರೀ ರೂಢಿ, ಉದ್ವೇಗವಲ್ಲ. ಕನ್ನಡದಲ್ಲಿ ಅಲ್ಪವಿರಾಮ ಸಾಕು.

ಕಥೆಗಾರ, ನಾಟಕಕಾರ ಅಂತೊನ್ ಚೆಹೊವ್ ಅವರು ನಟಿ ಓಲ್ಗ ಲೆಯೊನಾರ್ದೊವ್ನ ಕ್ನಿಪ್ಪರ್‌ಗೆ ಬರೆದ ಪತ್ರಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. 1899ರಲ್ಲಿ ಅವರು ಬರೆಯುವುದು 'ವೀ' ಎಂದು, ಕುಶಲದ ಮಾತು 'ಜ್ದ್ರಾಸ್ತ್ವುಯ್ತೆ'. 1900ರ ಆಗಸ್ಟ್ ಪತ್ರ ಶುರುವಾಗುವುದೇ "ಮೀಲಯ ಮಯಾ ಓಲ್ಯ, ರಾದಸ್ತ್ ಮಯಾ, ಜ್ದ್ರಾಸ್ತ್ವುಯ್!" ಎಂದು. ಮೊಟಕು ಹೆಸರು ಬಂತು, ಕುಶಲದ ಮಾತಿನ ಕೊನೆಯ 'ತೆ' ಬಿದ್ದುಹೋಯಿತು. ಇಬ್ಬರೂ ಮದುವೆಯಾದದ್ದು 1901ರಲ್ಲಿ. ಎರಡಕ್ಕೂ 'ನಮಸ್ಕಾರ' ಎಂದು ಬರೆದರೆ ಈ ಬದಲಾವಣೆ ಅಲ್ಲಿಗೇ ಸತ್ತುಹೋಗುತ್ತದೆ, ನಮ್ಮ 'ನಮಸ್ಕಾರ'ಕ್ಕೆ ಏಕವಚನ ಬಹುವಚನ ಇಲ್ಲ. ಅದಕ್ಕೇ ಮೊದಲನೆಯದಕ್ಕೆ 'ಹೇಗಿದ್ದೀರಿ', ಎರಡನೆಯದಕ್ಕೆ "ನನ್ನ ಮುದ್ದು ಓಲ್ಯ, ನನ್ನ ಸಂತೋಷವೇ, ಹೇಗಿದ್ದೀಯೆ!" ಎಂದು ಬರೆಯುತ್ತೇನೆ. ಪದಶಃ ಅಲ್ಲ, ಆದರೆ ನೀವು ಹೋಗಿ ನೀನು ಬಂದದ್ದು ಮೊದಲ ಸಾಲಿಗೇ ಕೇಳಿಸುತ್ತದೆ. ಆ ಬಳಿಕ ಓಲ್ಗ 'ತೀ' ಎಂದು ಬರೆದಲ್ಲಿ ಕನ್ನಡದಲ್ಲೂ 'ನೀನು' ಎಂದೇ ಇರಬೇಕು. ನಮ್ಮ ಹಳೆಯ ಮನೆಗಳಲ್ಲಿ ಹೆಂಡತಿ ಗಂಡನಿಗೆ 'ನೀವು' ಎನ್ನುತ್ತಿದ್ದಳೆಂದು ಆಕೆಯ ಬಾಯಿಗೂ ಅದನ್ನು ತುರುಕಿದರೆ, ಪತ್ರದೊಳಗಿನ ಪ್ರೀತಿಗೆ ಇಲ್ಲದ ಭಯಭಕ್ತಿ ಅಂಟಿಕೊಳ್ಳುತ್ತದೆ.

ಕಾವ್ಯನಾಮದ ವಿಷಯದಲ್ಲೂ ಎಚ್ಚರ ಬೇಕು. ಮಕ್ಸೀಮ್ ಗೋರ್ಕಿಯ ನಿಜವಾದ ಹೆಸರು ಅಲೆಕ್ಸೇಯ್ ಮಕ್ಸೀಮೊವಿಚ್ ಪೆಷ್ಕೊವ್. ಮಕ್ಸೀಮ್ ಅಪ್ಪನ ಹೆಸರು. ಚೆಹೊವ್ ಪತ್ರಗಳಲ್ಲಿ ಅವರನ್ನು ಕರೆಯುವುದು 'ಅಲೆಕ್ಸೇಯ್ ಮಕ್ಸೀಮೊವಿಚ್' ಎಂದು. ಇದು ಯಾರೋ ಬೇರೆಯವರು ಎಂದು ಓದುಗರು ತಿಳಿಯದಂತೆ ಪತ್ರದ ತಲೆಬರಹದಲ್ಲಿ 'ಗೋರ್ಕಿಗೆ' ಎಂದು ಕೊಡಿ. ಸಂಬೋಧನೆಯನ್ನು ಮಾತ್ರ ತಿದ್ದಬೇಡಿ.

ಕಾಗುಣಿತದ ಒಂದು ಮಾತು: ರಷ್ಯನ್ನಿನ ತ, ದ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವಂಥವು, ನಮ್ಮ ತ, ದಗಳ ಹಾಗೆ. ಆದ್ದರಿಂದ ಪೆಟ್ರೋವಿಚ್‌ಗಿಂತ ಪೆತ್ರೋವಿಚ್ ಮೂಲಕ್ಕೆ ಹತ್ತಿರ. ಇನ್ನು ಲಕೋಟೆಯ ಮೇಲೆ 'ಇವಾನು ಪೆತ್ರೋವಿಚು ಸಿದೊರೊವು' ಎಂದು ಕಂಡರೆ ಅದು ಹೊಸ ಹೆಸರಲ್ಲ. ಯಾರಿಗೆ ಎಂದು ಹೇಳುವ ಚತುರ್ಥಿ ವಿಭಕ್ತಿ ಮೂರೂ ಭಾಗಕ್ಕೆ ಹತ್ತಿದೆ. ಕನ್ನಡದಲ್ಲಿ ಪ್ರತ್ಯಯ ಕೊನೆಗೊಂದೇ: ಇವಾನ್ ಪೆತ್ರೋವಿಚ್ ಸಿದೊರೊವ್ ಅವರಿಗೆ. ವಿಳಾಸದಲ್ಲಿ ಈ 'ಅವರು' ಬೇಕೇ ಬೇಕು, ಅಲ್ಲಿ ಗೌರವ ಹೊರಲು ಬೇರೆ ಯಾವ ಪದವೂ ಇಲ್ಲ.